ಹದಿನಾಲ್ಕು ಫಾರ್ಮುಗಳ ಕತೆ

ಪಿಎಚ್.ಡಿ. ಪ್ರಬಂಧದಲ್ಲಿ ಸಂಶೋಧನಾ ವಿಧಾನಕ್ಕೆಂದೇ ಒಂದು ಅಧ್ಯಾಯ ಇರುತ್ತದೆ. ಯಾರನ್ನು ಮಾತಾಡಿಸಿದಿರಿ, ಹೇಗೆ ಆರಿಸಿದಿರಿ, ಏನು ಕೇಳಿದಿರಿ ಎಂಬುದೆಲ್ಲ ಅಲ್ಲಿ ಬರಬೇಕು. ಆದರೆ ಅದನ್ನು ಬರೆಯಲು ಕೂರುವುದು ಬಹುಮಟ್ಟಿಗೆ ಕ್ಷೇತ್ರಕಾರ್ಯ ಮುಗಿದು ಎಷ್ಟೋ ಕಾಲವಾದ ಮೇಲೆ. ಆಗ ಕೈಯಲ್ಲಿರುವುದು ಮೊದಲ ದಿನದ ಸಿನಾಪ್ಸಿಸ್ ಮತ್ತು ಕೊನೆಯ ದಿನದ ಕೋಷ್ಟಕ. ನಡುವಿನದ್ದನ್ನು ನೆನಪು ತುಂಬಿಕೊಡುತ್ತದೆ. ತುಂಬುವಾಗ ಎಲ್ಲವೂ ಮೊದಲೇ ಗೊತ್ತಿದ್ದು ಮಾಡಿದ ಹಾಗೆ ಜೋಡಿಸಿಬಿಡುತ್ತದೆ. ಸಂಶೋಧನಾ ದಿನಚರಿ ಬೇಕಾಗುವುದು ಈ ನಡುವಿನ ಕಾಲಕ್ಕೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಮಂಡ್ಯ ಕಡೆಯ ಒಂದು ಹಳ್ಳಿ. ಡೈರಿಗೆ ಹಾಲು ಹಾಕುವ 90 ಮನೆಗಳಲ್ಲಿ, ಹಾಲಿನ ದುಡ್ಡಿನ ಮೇಲೆ ಹೆಂಗಸರಿಗೆ ಎಷ್ಟು ಅಧಿಕಾರವಿದೆ ಎಂದು ತಿಳಿಯಲು ಒಬ್ಬ ವಿದ್ಯಾರ್ಥಿನಿ ಹೊರಟಿದ್ದಾಳೆ. ಅವಳ ಫಾರ್ಮಿನಲ್ಲಿದ್ದ ಪ್ರಶ್ನೆ: ‘ಹಾಲಿನ ದುಡ್ಡು ಯಾರ ಕೈಗೆ ಬರುತ್ತದೆ?’ ಹದಿನಾಲ್ಕು ಮನೆ ಮುಗಿಯುವಷ್ಟರಲ್ಲಿ ಉತ್ತರ ಒಂದೇ: ‘ಬ್ಯಾಂಕಿಗೆ ಬೀಳ್ತದೆ ಕಣವ್ವ.’ ಬಟವಾಡೆ ನೇರ ಖಾತೆಗೆ ಹೋಗುವಾಗ ಕೈಯ ಮಾತೇ ಇಲ್ಲ. ಪ್ರಶ್ನೆ ಸೋತಿತ್ತು. ಆ ಸಂಜೆ ಅವಳು ಬರೆದದ್ದು ಇಷ್ಟು:

‘ಮಾರ್ಚ್ 12. 14 ಫಾರ್ಮು ಆಗಿದೆ. 6ನೇ ಪ್ರಶ್ನೆ ಕೆಲಸಕ್ಕೆ ಬರುತ್ತಿಲ್ಲ, ಎಲ್ಲರೂ ಬ್ಯಾಂಕ್ ಅಂತಾರೆ. ನಾಳೆಯಿಂದ: “ಹೋದ ಬಟವಾಡೆ ದುಡ್ಡನ್ನು ಬಿಡಿಸಿಕೊಂಡು ಬಂದವರು ಯಾರು, ಯಾವುದಕ್ಕೆ ಖರ್ಚು ಎಂದು ಹೇಳಿದವರು ಯಾರು?” ಖಾತೆ ಯಾರ ಹೆಸರಲ್ಲಿದೆ ಎಂದು ಕೇಳುವ ಯೋಚನೆಯೂ ಇತ್ತು, ಬಿಟ್ಟೆ, ಖಾತೆ ಅತ್ತೆಯದು, ಎಟಿಎಂ ಕಾರ್ಡು ಮಗನ ಜೇಬಿನಲ್ಲಿ ಇರುವುದನ್ನು ಎರಡು ಮನೆಯಲ್ಲಿ ಕಂಡೆ. ಹಳೆಯ 14 ಮನೆಗೆ ಮತ್ತೆ ಹೋಗಬೇಕು. ಇನ್ನೂ ಏನನ್ನೂ ಎಣಿಸಿಲ್ಲ.’

ಬದಲಾವಣೆಯ ಜೊತೆಗೆ, ಬೇಡವೆಂದು ಬಿಟ್ಟ ದಾರಿ ಮತ್ತು ಬಿಟ್ಟ ಕಾರಣವೂ ಇದರಲ್ಲಿದೆ. ಮೌಖಿಕ ಪರೀಕ್ಷೆಯಲ್ಲಿ ‘ಖಾತೆಯ ಹೆಸರು ಯಾಕೆ ಕೇಳಲಿಲ್ಲ?’ ಎಂದರೆ ಉತ್ತರ ಇಲ್ಲೇ ಸಿಗುತ್ತದೆ. ಕೊನೆಯ ಪುಟ್ಟ ವಾಕ್ಯ ಇನ್ನೂ ಮುಖ್ಯ. ಉತ್ತರಗಳನ್ನು ಎಣಿಸುವ ಮೊದಲು ಪ್ರಶ್ನೆ ಬದಲಿಸಿದರೆ ಅದು ತಿದ್ದುಪಡಿ. ಎಣಿಸಿ ನೋಡಿ, ಫಲಿತಾಂಶ ಹಿಡಿಸದೆ ಬದಲಿಸಿದರೆ ಅದರ ಬಣ್ಣವೇ ಬೇರೆ. ಎರಡನ್ನೂ ಬೇರ್ಪಡಿಸಲು ತಾರೀಖು ಬಿಟ್ಟರೆ ಬೇರೆ ಸಾಕ್ಷಿ ಸಿಗುವುದು ಕಷ್ಟ.

ಮುಂದೆ ಅಧ್ಯಾಯದಲ್ಲಿ ಇದೇ ಟಿಪ್ಪಣಿ ಹೀಗಾಗುತ್ತದೆ: ‘ಮೊದಲ 14 ಸಂದರ್ಶನಗಳ ನಂತರ, ವಿಶ್ಲೇಷಣೆಗೆ ಮುನ್ನ, 6ನೇ ಪ್ರಶ್ನೆಯನ್ನು ಬದಲಿಸಲಾಯಿತು. ಆ ಮನೆಗಳಿಗೆ ಮತ್ತೆ ಭೇಟಿ ನೀಡಿದಾಗ 11 ಮನೆಯವರು ಸಿಕ್ಕರು. ಉಳಿದ 3 ಮನೆಗಳನ್ನು ಈ ಪ್ರಶ್ನೆಯ ಲೆಕ್ಕದಿಂದ ಕೈಬಿಡಲಾಗಿದೆ.’ ಕೋಷ್ಟಕದಲ್ಲಿ 90ರ ಬದಲು 87 ಯಾಕಿದೆ ಎಂದು ಪರೀಕ್ಷಕರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕಸಿವಿಸಿಯಾಗುವುದು ಎಣಿಕೆಯ ನಂತರದ ನಿರ್ಧಾರಗಳಲ್ಲಿ. ಜಮೀನಿಲ್ಲದ ಮನೆಗಳನ್ನು ಬಿಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ ಎಂದು ಅವಳಿಗೆ ಜೂನ್‌ನಲ್ಲಿ ಹೊಳೆಯಿತು ಎನ್ನಿ. ಹೊಳೆದದ್ದು ತಪ್ಪೇನಲ್ಲ. ‘ಕೋಷ್ಟಕ ನೋಡಿದ ಮೇಲೆ ಬಂದ ಯೋಚನೆ’ ಎಂದೇ ದಿನಚರಿಯಲ್ಲಿ ಬರೆದು, ಅಧ್ಯಾಯದಲ್ಲಿ ಆ ಮನೆಗಳನ್ನು ಸೇರಿಸಿಯೂ ಬಿಟ್ಟೂ ಎರಡು ಲೆಕ್ಕ ಕೊಡಬೇಕು. ಮೊದಲಿಂದಲೂ ಜಮೀನಿದ್ದವರನ್ನಷ್ಟೇ ಅಧ್ಯಯನ ಮಾಡಲು ಹೊರಟಿದ್ದೆ ಎಂಬಂತೆ ಬರೆಯುವ ಚಟ ನಮ್ಮ ಪ್ರಬಂಧಗಳಲ್ಲಿ ಇಲ್ಲದ್ದೇನಲ್ಲ. ಒಂದೂ ಎಡವಟ್ಟಿಲ್ಲದ ವಿಧಾನದ ಅಧ್ಯಾಯ ಓದಿದಾಗ ನನಗಂತೂ ಅನುಮಾನ ಹೆಚ್ಚುತ್ತದೆ.

ದಿನಚರಿಗೆ ದುಬಾರಿ ಸಾಧನವೇನೂ ಬೇಡ, ಪುಟ ಸಂಖ್ಯೆ ಹಾಕಿದ ನೋಟ್‌ಬುಕ್ ಸಾಕು. ಹಳೆಯದು ತಪ್ಪೆನಿಸಿದರೆ ಅಳಿಸಬಾರದು. ಗೆರೆ ಎಳೆದು, ಇವತ್ತಿನ ತಾರೀಖಿನಲ್ಲಿ ಹೊಸದಾಗಿ ಬರೆಯಬೇಕು. ಒಂದು ವಾರ ಬರೆಯದೆ ಹೋದರೆ ಹಿಂದಿನ ತಾರೀಖು ಹಾಕಿ ತುಂಬುವುದೂ ಬೇಡ, ‘ನೆನಪಿನಿಂದ ಬರೆದದ್ದು’ ಎಂದರಾಯಿತು. ಒಂದೇ ದಿನ ಕೂತು ಬರೆದ ದಿನಚರಿ ಬೇಗ ಸಿಕ್ಕಿಬೀಳುತ್ತದೆ: ಅದರಲ್ಲಿ ಎಲ್ಲ ಸಮಸ್ಯೆಗೂ ಪರಿಹಾರ ಅದೇ ಪುಟದಲ್ಲಿರುತ್ತದೆ. ನಿಜವಾದ ದಿನಚರಿಯಲ್ಲಿ ಮಾರ್ಚ್‌ನ ಗೊಂದಲ ಮೇ ತಿಂಗಳವರೆಗೂ ಬಗೆಹರಿಯದೆ ಉಳಿದಿರಬಹುದು.

ಮನೆಯವರ ಹೆಸರು ಬರೆಯದೆ ‘ಮನೆ 7’ ಎಂಬಂಥ ಗುರುತು ಬಳಸಿ, ಹೆಸರಿನ ಪಟ್ಟಿಯನ್ನು ಬೇರೆ ಕಡೆ ಇಡಬೇಕು. ಸೊಸೆ ಹೇಳಿದ್ದು ಅತ್ತೆಯ ಕಿವಿಗೆ ಬಿದ್ದರೆ ಸಂಶೋಧಕಿ ಊರು ಬಿಟ್ಟು ಬರಬಹುದು, ಸೊಸೆ ಬಿಡುವಂತಿಲ್ಲ.

ಪ್ರತಿಯ ವಿಷಯಕ್ಕೆ ಬಂದರೆ ಎಂ.ಎನ್. ಶ್ರೀನಿವಾಸ್ ಅವರ ಅನುಭವವೇ ಇದೆ. ಮೈಸೂರು ಬಳಿಯ, ಅವರು ರಾಂಪುರ ಎಂದು ಕರೆದ ಹಳ್ಳಿಯಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿ, ಆಮೇಲೆ ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅವರ ಕೋಣೆಯಲ್ಲಿದ್ದಾಗ, ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕವು. ‘ದಿ ರಿಮೆಂಬರ್ಡ್ ವಿಲೇಜ್’ ಅನ್ನು ಅವರು ಬಹುಪಾಲು ನೆನಪಿನಿಂದಲೇ ಬರೆದರು. ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ವಾರಕ್ಕೊಮ್ಮೆ ನಿಮಗೇ ಇಮೇಲ್ ಮಾಡಿಕೊಂಡರೆ ಪ್ರತಿ ಬೇರೆ ಜಾಗದಲ್ಲಿ ಉಳಿಯುತ್ತದೆ, ಆ ಪುಟ ಯಾವ ವಾರದ್ದೆಂಬುದಕ್ಕೆ ಇಮೇಲಿನ ತಾರೀಖೂ ಸಿಗುತ್ತದೆ.