ಪ್ಲಸ್ ಸರಿ ಇತ್ತು, ಕಾಸ್ಟ್ ತಪ್ಪಿತ್ತು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ಯಂತ್ರದ ಬಿಡಿಭಾಗಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತಯಾರಿಸಿಕೊಡುವುದು ಅದರ ಕಸುಬು. ಷೇರುಗಳೆಲ್ಲ ಜರ್ಮನಿಯ ಒಂದು ಕಂಪನಿಯ ಕೈಯಲ್ಲಿವೆ. ಬಹುಪಾಲು ಕೆಲಸವೂ ಅಲ್ಲಿಂದಲೇ ಬರುತ್ತದೆ. ಪ್ರತಿ ತಿಂಗಳು ಮೈಸೂರಿನಿಂದ ಜರ್ಮನಿಗೆ ಒಂದು ಬಿಲ್ ಹೋಗುತ್ತದೆ: ಆದ ಖರ್ಚು, ಅದರ ಮೇಲೆ ಶೇ 15. ಬೆಂಗಳೂರು, ಮೈಸೂರಿನ ಇಂಥ ಕಚೇರಿಗಳಲ್ಲಿ ‘ನಮ್ದು ಕಾಸ್ಟ್ ಪ್ಲಸ್ ಫಿಫ್ಟೀನ್’ ಎನ್ನುವುದು ಮನೆ ವಿಳಾಸ ಹೇಳಿದಷ್ಟೇ ಸಲೀಸು.

ಇಲ್ಲಿ ತೆರಿಗೆ ಇಲಾಖೆಯ ತಕರಾರು ಏನಿರಬಹುದು? ಬಿಲ್ ಬರೆಯುವವರೂ ಕಟ್ಟುವವರೂ ಒಂದೇ ಮನೆಯವರು. ದರ ಎಷ್ಟೆಂದು ಗುದ್ದಾಡಬೇಕಾದ ಅಗತ್ಯ ಇಬ್ಬರಿಗೂ ಇಲ್ಲ. ಮೈಸೂರಿನವರು ಕಡಿಮೆ ಬರೆದರೆ ಲಾಭ ಜರ್ಮನಿಯಲ್ಲಿ ಕಾಣಿಸಿಕೊಳ್ಳುತ್ತದೆ, ಇಲ್ಲಿನ ತೆರಿಗೆ ಅಷ್ಟು ಇಳಿಯುತ್ತದೆ. ಅದಕ್ಕೇ ನಮ್ಮ ಆದಾಯ ತೆರಿಗೆ ಕಾನೂನಿಗೆ 2001ರಲ್ಲಿ ಟ್ರಾನ್ಸ್‌ಫರ್ ಪ್ರೈಸಿಂಗ್ ನಿಯಮಗಳು ಬಂದವು. ಸಂಬಂಧವೇ ಇಲ್ಲದ ಇಬ್ಬರು ಇದೇ ಕೆಲಸಕ್ಕೆ ಎಷ್ಟು ದರ ಒಪ್ಪುತ್ತಿದ್ದರೋ ಅಷ್ಟನ್ನೇ ನೀವೂ ಹಾಕಿರಬೇಕು ಎನ್ನುವುದು ಅವುಗಳ ತಿರುಳು. ಆ ದರಕ್ಕೆ ‘ಆರ್ಮ್ಸ್ ಲೆಂತ್’ ಬೆಲೆ ಎನ್ನುತ್ತಾರೆ. ನಂಟಿನ ಸಲಿಗೆಯನ್ನು ತೋಳಿನಷ್ಟು ದೂರ ಇಟ್ಟು ಕುದುರಿಸಿದ ಬೆಲೆ.

ಆ ಬೆಲೆ ಹುಡುಕಲು ಕಾನೂನು ಕೆಲವು ವಿಧಾನಗಳನ್ನು ಕೊಟ್ಟಿದೆ. ಕಾಸ್ಟ್ ಪ್ಲಸ್ ಅದರಲ್ಲೊಂದು. ಸೇವೆ ಕೊಡಲು ತಗುಲಿದ ನೇರ ಮತ್ತು ಪರೋಕ್ಷ ಖರ್ಚನ್ನು ಮೊದಲು ಕಂಡುಕೊಳ್ಳಬೇಕು. ಹೊರಗಿನವರ ಜೊತೆಗಿನ ಅಂಥದೇ ವ್ಯವಹಾರದಲ್ಲಿ ಆ ಖರ್ಚಿನ ಮೇಲೆ ಎಷ್ಟು ಒಟ್ಟು ಲಾಭ ಸಿಗುತ್ತದೆಂದು ನೋಡಬೇಕು. ಎರಡು ವ್ಯವಹಾರಗಳ ನಡುವಿನ ವ್ಯತ್ಯಾಸಗಳನ್ನು ಸರಿದೂಗಿಸಿ, ಉಳಿದ ಶೇಕಡಾವಾರನ್ನು ನಮ್ಮ ಖರ್ಚಿಗೆ ಸೇರಿಸಬೇಕು. ಆ ಶೇಕಡಾವಾರಿಗೆ ಮಾರ್ಕಪ್ ಎಂದು ಹೆಸರು. ಇದು ಖರ್ಚಿನ ಮೇಲಿನ ಲೆಕ್ಕ, ಬಿಲ್ಲಿನ ಮೇಲಿನದಲ್ಲ ಎಂಬುದನ್ನು ಮರೆಯಬಾರದು. ನೂರು ರೂಪಾಯಿ ಖರ್ಚಿಗೆ ಹದಿನೈದು ಸೇರಿಸಿದರೆ ಅದು ಬಿಲ್ಲಿನ ಶೇ 13ರಷ್ಟೇ ಆಗುತ್ತದೆ. ಈ ಎರಡನ್ನೂ ‘ಮಾರ್ಜಿನ್’ ಎಂದೇ ಕರೆದು ಮೀಟಿಂಗುಗಳಲ್ಲಿ ಅರ್ಧ ಗಂಟೆ ಕಳೆಯುವವರಿದ್ದಾರೆ.

ಇನ್ನು ನಮ್ಮ ಮೈಸೂರಿನ ಕಚೇರಿಯ ಒಳಗೆ ಹೋಗೋಣ. ಅಲ್ಲಿ 54 ಎಂಜಿನಿಯರ್‌ಗಳಿದ್ದಾರೆ. 40 ಮಂದಿ ಜರ್ಮನಿಯ ಕೆಲಸ ಮಾಡುತ್ತಾರೆ. 10 ಮಂದಿ ಪುಣೆಯ ಒಂದು ಕಂಪನಿಗೆ ಅದೇ ಬಗೆಯ ನಕ್ಷೆ ಮಾಡಿಕೊಡುತ್ತಾರೆ; ಆ ಗಿರಾಕಿಗೂ ಇವರಿಗೂ ಯಾವ ನಂಟೂ ಇಲ್ಲ. ಉಳಿದ ನಾಲ್ವರಿಗೆ ಈ ವರ್ಷ ಕೆಲಸ ಸಿಕ್ಕಿಲ್ಲ, ಬೆಂಚಿನ ಮೇಲಿದ್ದಾರೆ. ಪುಸ್ತಕದಲ್ಲಿ ಜರ್ಮನಿಯ ಕೆಲಸದ ಖರ್ಚು 8 ಕೋಟಿ ರೂಪಾಯಿ, ಬಿಲ್ 9.20 ಕೋಟಿ. ಶೇ 15 ಕರಾರುವಾಕ್ಕಾಗಿ ಕೂತಿದೆ. ಪುಣೆಯ ಕೆಲಸದ ಖರ್ಚು 2 ಕೋಟಿ, ಬಿಲ್ 2.50 ಕೋಟಿ, ಅಂದರೆ ಶೇ 25.

ಹೊರಗಿನವರಿಂದ ಇಪ್ಪತ್ತೈದು, ಮನೆಯವರಿಂದ ಹದಿನೈದು. ಟ್ರಾನ್ಸ್‌ಫರ್ ಪ್ರೈಸಿಂಗ್ ಅಧಿಕಾರಿ ಇಲ್ಲಿಗೇ ಪೆನ್ನು ಮುಚ್ಚಿದರೆ 80 ಲಕ್ಷ ರೂಪಾಯಿ ಆದಾಯಕ್ಕೆ ಸೇರುತ್ತದೆ. ಆದರೆ ಆ ಎರಡು ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕ ಇಡುವುದು ನ್ಯಾಯವಲ್ಲ.

ಒಟ್ಟು ಲಾಭ ಅಂದರೆ ಪೂರ್ತಿ ಜೇಬಿಗೆ ಹೋಗುವ ಹಣವಲ್ಲ. ಮಾರಾಟದ ಖರ್ಚು, ಕಚೇರಿಯ ಸಾಮಾನ್ಯ ಆಡಳಿತದ ಖರ್ಚು ಎಲ್ಲ ಅದರಿಂದಲೇ ಹೋಗಬೇಕು. ಪುಣೆಯ ಗಿರಾಕಿಯನ್ನು ಹಿಡಿದು ಉಳಿಸಿಕೊಳ್ಳಲು ಇವರು ಒಬ್ಬ ಮಾರಾಟ ಮ್ಯಾನೇಜರನ್ನು ಇಟ್ಟಿದ್ದಾರೆ. ಅವರ ಸಂಬಳ, ಓಡಾಟ, ಕೊಟೇಶನ್ ತಯಾರಿ ಸೇರಿ ವರ್ಷಕ್ಕೆ 16 ಲಕ್ಷ. ಜರ್ಮನಿಯ ಕೆಲಸಕ್ಕೆ ಈ ಖರ್ಚೇ ಇಲ್ಲ; ಯಜಮಾನರ ಮನೆ ಬಾಗಿಲು ತಟ್ಟಿ ಆರ್ಡರ್ ಕೇಳಬೇಕಾಗಿಲ್ಲ. ಹಾಗಾಗಿ 50 ಲಕ್ಷದಿಂದ ಆ 16 ಲಕ್ಷ ಕಳೆಯಬೇಕು. ಪುಣೆಯವರು ಹಣ ಕೊಡುವುದು 90 ದಿನಕ್ಕೆ, ಜರ್ಮನಿಯವರು 30 ದಿನಕ್ಕೆ. ಉದ್ದರಿ ಕೊಟ್ಟವನು ಬಡ್ಡಿಯನ್ನು ದರದೊಳಗೇ ಸೇರಿಸಿಕೊಂಡಿರುತ್ತಾನೆ. 2.50 ಕೋಟಿಗೆ ಹೆಚ್ಚಿನ 60 ದಿನಕ್ಕೆ ಶೇ 10ರಂತೆ ಬಡ್ಡಿ ಹಾಕಿದರೆ ಸುಮಾರು 4.1 ಲಕ್ಷ. ಅದನ್ನೂ ಕಳೆದರೆ ಸುಮಾರು 30 ಲಕ್ಷ ಉಳಿಯಿತು. 2 ಕೋಟಿ ಖರ್ಚಿಗೆ 30 ಲಕ್ಷ ಅಂದರೆ ಶೇ 15!

ಒಪ್ಪಂದದಲ್ಲಿ ಬರೆದ ಹದಿನೈದು ಸರಿಯಾಗಿಯೇ ಇತ್ತು. ಲೆಕ್ಕಪತ್ರ ವಿಭಾಗದವರು ಕಾಫಿಗೆ ಎದ್ದು ಹೋಗುವ ಘಳಿಗೆ ಇದೇ. ಅನುಭವಸ್ಥ ಆಡಿಟರ್ ಮಾತ್ರ ಏಳುವುದಿಲ್ಲ. ಇಷ್ಟು ಹೊತ್ತು ನೋಡಿದ್ದು ಪ್ಲಸ್ ಅನ್ನು, ಕಾಸ್ಟ್ ಇನ್ನೂ ನೋಡಿಲ್ಲ.

‘ಈ ಬೆಂಚಿನ ನಾಲ್ವರ ಸಂಬಳ ಎಲ್ಲಿಗೆ ಹಾಕಿದ್ದೀರಿ?’

‘ಅಡ್ಮಿನ್ ಖರ್ಚಿಗೆ ಸಾರ್. ಅವರು ಯಾರಿಗೂ ಬಿಲ್ ಆಗ್ಲಿಲ್ವಲ್ಲ.’

‘ಆಗ್ಲಿಲ್ಲ ಸರಿ. ಯಾರಿಗೋಸ್ಕರ ಇಟ್ಕೊಂಡಿದ್ದೀರಿ?’

ಉತ್ತರ ಒಪ್ಪಂದದಲ್ಲೇ ಇತ್ತು. ತಮಗಾಗಿ ಯಾವಾಗಲೂ 44 ಎಂಜಿನಿಯರ್‌ಗಳು ಸಿದ್ಧವಿರಬೇಕು ಎಂದು ಜರ್ಮನಿಯವರು ಬರೆಸಿಕೊಂಡಿದ್ದರು. ಈ ವರ್ಷ ಅವರು ಕೆಲಸ ಕೊಟ್ಟದ್ದು 40 ಮಂದಿಗೆ. ಉಳಿದ ನಾಲ್ವರನ್ನು ಕಾಯಿಸಿ ಇಟ್ಟದ್ದೂ ಅವರಿಗೆ ಕೊಟ್ಟ ಸೇವೆಯೇ. ಹೊರಗಿನ ಗಿರಾಕಿ ಹೀಗೆ ಆಳುಗಳನ್ನು ಕಾದಿರಿಸಿಕೊಂಡರೆ ಪುಕ್ಕಟೆ ಸಿಗುತ್ತಿತ್ತೇ? ಮದುವೆ ಛತ್ರ ಬುಕ್ ಮಾಡಿ ಮದುವೆ ಮುಂದಕ್ಕೆ ಹೋದರೂ ಆ ದಿನದ ಬಾಡಿಗೆ ಕಟ್ಟಬೇಕು. ನಾಲ್ವರ ಸಂಬಳ 40 ಲಕ್ಷ. ಅದು ಸೇರಿದರೆ ಜರ್ಮನಿಯ ಕೆಲಸದ ನಿಜವಾದ ಖರ್ಚು 8.40 ಕೋಟಿ. ಬಿಲ್ ಮಾತ್ರ ಅದೇ 9.20 ಕೋಟಿ. ಹದಿನೈದು ಎಂದುಕೊಂಡಿದ್ದ ಮಾರ್ಕಪ್ ಶೇ 9.5ಕ್ಕೆ ಬಂದು ನಿಂತಿತು. 8.40 ಕೋಟಿಗೆ ಶೇ 15 ಸೇರಿಸಿದರೆ ಬಿಲ್ 9.66 ಕೋಟಿ ಆಗಬೇಕಿತ್ತು. 46 ಲಕ್ಷ ಖೋತಾ.

ಹೋಲಿಕೆಗೆ ಸಿಕ್ಕ ಬೆಲೆಗೂ ಹಾಕಿದ ಬೆಲೆಗೂ ಸಣ್ಣ ಅಂತರವಿದ್ದರೆ ಕಾನೂನು ಕಣ್ಣು ಮುಚ್ಚಿಕೊಳ್ಳುತ್ತದೆ. ಸಗಟು ವ್ಯಾಪಾರಕ್ಕೆ ಅದು ಶೇ 1, ಉಳಿದವಕ್ಕೆ ಶೇ 3. ಒಂದೇ ಹೋಲಿಕೆ ಇರುವಾಗ ಆ ಸವಲತ್ತು ಸಿಗುತ್ತದೋ ಇಲ್ಲವೋ ಎಂಬ ವಾದವನ್ನು ಬದಿಗಿಡೋಣ. ಸಿಕ್ಕರೂ 9.20 ಕೋಟಿಯ ಶೇ 3 ಅಂದರೆ 27.6 ಲಕ್ಷ. 46 ಲಕ್ಷಕ್ಕೆ ಆ ಕೊಡೆ ಸಾಲದು.

ಖರ್ಚನ್ನು ಬಿಟ್ಟು ತಪ್ಪುವಂತೆ ಸೇರಿಸಿಯೂ ತಪ್ಪಬಹುದು. ಜರ್ಮನಿಯ ಇಬ್ಬರು ಅಧಿಕಾರಿಗಳು ಮೈಸೂರಿಗೆ ಬಂದಾಗ ಹೋಟೆಲ್ ಬಿಲ್ಲನ್ನು ಇಲ್ಲಿಯವರು ಕಟ್ಟಿ ಆಮೇಲೆ ವಸೂಲು ಮಾಡಿದರು ಎನ್ನಿ. ಅದರಲ್ಲಿ ಇವರ ದುಡಿಮೆ ಏನೂ ಇಲ್ಲ, ಹಣ ಕೈ ದಾಟಿತು ಅಷ್ಟೇ. ಅದರ ಮೇಲೂ ಶೇ 15 ಹಾಕಬೇಕೆಂದು ಅಧಿಕಾರಿ ಪಟ್ಟು ಹಿಡಿದರೆ ವಾದಿಸಲು ಜಾಗವಿದೆ. ಬೇಕಾದ್ದು ಪುರಾವೆ: ಬಿಲ್ ಯಾರ ಹೆಸರಿಗಿತ್ತು, ಯಾರ ಲಾಭಕ್ಕೆ ಆಯಿತು, ಒಪ್ಪಂದ ಏನನ್ನುತ್ತದೆ. ಬಾಡಿಗೆ, ಕರೆಂಟಿನಂಥ ಹಂಚಿಕೆಯ ಖರ್ಚಿಗೆ ಟೈಮ್‌ಶೀಟ್ ಮತ್ತು ಕುರ್ಚಿಗಳ ಲೆಕ್ಕವೇ ಸಾಕ್ಷಿ. ಒಂದು ವರ್ಷ ಕುರ್ಚಿಯ ಲೆಕ್ಕ, ಮರುವರ್ಷ ಗಂಟೆಯ ಲೆಕ್ಕ ಎಂದು ಅನುಕೂಲ ನೋಡಿ ಅಳತೆಗೋಲು ಬದಲಿಸುವವರು ಬಹುಬೇಗ ಸಿಕ್ಕಿಬೀಳುತ್ತಾರೆ.

ಈ ವಿಧಾನ ಇಲ್ಲಿ ನಡೆದದ್ದು ಪುಣೆಯ ಗಿರಾಕಿಯ ದೆಸೆಯಿಂದ. ಆ ಕೆಲಸದ ಖರ್ಚನ್ನೂ ಇದೇ ಕಚೇರಿಯ ಇದೇ ಪುಸ್ತಕದಲ್ಲಿ, ಇದೇ ಪದ್ಧತಿಯಲ್ಲಿ ಬರೆದಿತ್ತು. ಅಂಥ ಗಿರಾಕಿ ಇಲ್ಲದಿದ್ದರೆ ಬೇರೆ ಕಂಪನಿಗಳ ಪ್ರಕಟಿತ ಲೆಕ್ಕಗಳನ್ನು ಪ್ರೊವೆಸ್, ಕ್ಯಾಪಿಟಲೈನ್‌ನಂಥ ದತ್ತಾಂಶ ಕೋಶಗಳಲ್ಲಿ ಹುಡುಕಬೇಕು. ತೊಡಕು ಅಲ್ಲೇ ಇರುವುದು. 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಯಂತೆ ನಮ್ಮ ಕಂಪನಿಗಳು ಖರ್ಚನ್ನು ‘ನೌಕರರ ವೆಚ್ಚ’, ‘ಇತರ ವೆಚ್ಚ’ ಎಂದು ಬಗೆಬಗೆಯಾಗಿ ತೋರಿಸುತ್ತವೆ. ನೌಕರರ ವೆಚ್ಚದಲ್ಲಿ ನಕ್ಷೆ ಬರೆದವನ ಸಂಬಳ ಎಷ್ಟು, ಮಾರಾಟ ಮ್ಯಾನೇಜರನ ಸಂಬಳ ಎಷ್ಟು ಎಂದು ಹೊರಗೆ ನಿಂತವರಿಗೆ ತಿಳಿಯುವುದಿಲ್ಲ. ಒಟ್ಟು ಲಾಭ ಎಂಬ ಸಾಲೇ ಇಲ್ಲದ ಕಡೆ ಒಟ್ಟು ಲಾಭದ ಮಾರ್ಕಪ್ ಹೋಲಿಸುವುದು ಹೇಗೆ?

ಅದಕ್ಕೇ ಬಹುಪಾಲು ಕಂಪನಿಗಳು ಎಲ್ಲ ಖರ್ಚು ಕಳೆದ ಮೇಲಿನ ಕಾರ್ಯಾಚರಣೆಯ ಲಾಭವನ್ನು ಹೋಲಿಸುವ ಟಿಎನ್ಎಂಎಂ ಎಂಬ ಬೇರೆ ವಿಧಾನಕ್ಕೆ ಹೋಗುತ್ತವೆ. ಬಾಯಲ್ಲಿ ಕಾಸ್ಟ್ ಪ್ಲಸ್, ಆಡಿಟರ್ ಸಲ್ಲಿಸುವ 3ಸಿಇಬಿ ಫಾರ್ಮಿನಲ್ಲಿ ಟಿಎನ್ಎಂಎಂ! ಬಿಲ್ ಬರೆಯುವ ಸೂತ್ರ ಬೇರೆ, ಅದನ್ನು ಪರೀಕ್ಷಿಸುವ ವಿಧಾನ ಬೇರೆ ಎಂದು ತಿಳಿದಿದ್ದರೆ ಅದರಲ್ಲಿ ತಪ್ಪಿಲ್ಲ. ಟಿಎನ್ಎಂಎಂನಲ್ಲಿ ಸಿಕ್ಕ ನಿವ್ವಳ ಶೇ 15ನ್ನು ತಂದು ಆಡಳಿತದ ಖರ್ಚು ಬಿಟ್ಟ ಬುಡಕ್ಕೆ ಅಂಟಿಸಿದಾಗ ಮಾತ್ರ ಲೆಕ್ಕ ಕೆಡುತ್ತದೆ.

ಪುಣೆಯ ಹೋಲಿಕೆಯಲ್ಲೂ ಒಂದು ಮುಳ್ಳು ಉಳಿದಿದೆ. ಆ ಕೆಲಸ ಗುತ್ತಿಗೆಯ ದರದ್ದು. ನಕ್ಷೆ ತಪ್ಪಾಗಿ ಮತ್ತೆ ಮಾಡಬೇಕಾಗಿ ಬಂದರೆ ನಷ್ಟ ಮೈಸೂರಿನದು. ಜರ್ಮನಿಯವರು ಆದಷ್ಟು ಖರ್ಚು ಕೊಡುತ್ತಾರೆ. ಹೆಚ್ಚು ಅಪಾಯ ಹೊತ್ತವನಿಗೆ ಹೆಚ್ಚು ಲಾಭ ಸಿಗುವುದು ಸಹಜ, ಆದ್ದರಿಂದ ಹದಿನೈದರಿಂದ ಇನ್ನೂ ಇಳಿಸಿ ಎಂದು ಕಂಪನಿ ಕೇಳಬಹುದು. ಎಷ್ಟು ಇಳಿಸಬೇಕು? ಕಳೆದ ವರ್ಷಗಳ ಪ್ರಾಜೆಕ್ಟುಗಳಲ್ಲಿ ಅಂದಾಜು ಮಾಡಿದ ಗಂಟೆ ಎಷ್ಟು, ಆದ ಗಂಟೆ ಎಷ್ಟು ಎಂಬ ದಾಖಲೆ ಇದ್ದರೆ ಉತ್ತರಕ್ಕೆ ಒಂದು ಹಿಡಿ ಸಿಗುತ್ತದೆ. ಸುಮ್ಮನೆ ಶೇ 2 ಎಂದರೆ ಯಾರೂ ಒಪ್ಪುವುದಿಲ್ಲ. ವ್ಯತ್ಯಾಸ ದೊಡ್ಡದಿದ್ದು ಅದನ್ನು ತಕ್ಕಮಟ್ಟಿಗೆ ನಿಖರವಾಗಿ ಅಳೆಯಲು ಆಗದಿದ್ದರೆ ನಿಯಮದ ಪ್ರಕಾರ ಆ ಹೋಲಿಕೆಯನ್ನೇ ಕೈಬಿಡಬೇಕಾಗುತ್ತದೆ. ಇಲ್ಲಿ ಮೂರು ವರ್ಷದ ದಾಖಲೆ ತೆಗೆದರೆ ಗಂಟೆಗಳು ಅಂದಾಜಿನ ಆಚೆಈಚೆಯೇ ಇದ್ದವು, ಇಳಿಕೆಗೆ ಕಾರಣ ಸಿಗಲಿಲ್ಲ.

ಇದೆಲ್ಲ ಮಾರ್ಚ್ 31ರ ಒಳಗೆ ಗೊತ್ತಾದರೆ ದಾರಿ ಸುಲಭ. 46 ಲಕ್ಷಕ್ಕೆ ಜರ್ಮನಿಗೆ ಡೆಬಿಟ್ ನೋಟ್ ಕಳಿಸಬಹುದು. ಇದನ್ನೇ ಟ್ರೂ-ಅಪ್ ಅನ್ನುವುದು. ಪುಸ್ತಕ ಮುಚ್ಚಿದ ಮೇಲೆ ತಿಳಿದರೆ ರಿಟರ್ನಿನಲ್ಲಿ ಕಂಪನಿ ತಾನಾಗಿಯೇ ಅಷ್ಟನ್ನು ಆದಾಯಕ್ಕೆ ಸೇರಿಸಿಕೊಳ್ಳಬೇಕು. ಆಗ ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟಿದಂತೆ.

ನಮ್ಮ ಮೈಸೂರಿನವರು ಫೆಬ್ರುವರಿಯಲ್ಲೇ ಲೆಕ್ಕ ತೆಗೆದಿದ್ದರು ಎನ್ನಿ. ಡೆಬಿಟ್ ನೋಟ್ ಹೋಯಿತು. ಮರುವರ್ಷದ ಒಪ್ಪಂದದಲ್ಲಿ ಹದಿನೈದು ಹಾಗೆಯೇ ಉಳಿಯಿತು, ‘ಖರ್ಚು ಎಂದರೆ’ ಎಂಬ ಸಾಲಿಗೆ ಮಾತ್ರ ಬಾಲ ಬೆಳೆಯಿತು: ಕಾದಿರಿಸಿದ 44 ಎಂಜಿನಿಯರ್‌ಗಳ ಸಂಬಳ, ಕೆಲಸ ಇರಲಿ ಬಿಡಲಿ.