ಹದಿನಾರು ವಾರ, ಸೋಮವಾರದಿಂದ ಶುಕ್ರವಾರ

ದರ್ಶಿನಿಯೊಂದರ ಮೇಲಿನ ಮಹಡಿಯಲ್ಲಿ ಎಂಟು ಜನ ಕೂತು ನಡೆಸುವ ಸ್ಟಾರ್ಟ್‌ಅಪ್‌ಗೆ ಇಂಟರ್ನ್‌ಶಿಪ್ ಕೇಳಿ ಬರುವ ಇಮೇಲ್‌ಗಳಲ್ಲಿ ಎಷ್ಟೋ ಹೀಗೆ ಶುರುವಾಗುತ್ತವೆ: ‘ಗೌರವಾನ್ವಿತ ಸರ್/ಮೇಡಂ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ನನ್ನ ಕೌಶಲಗಳನ್ನು ಬೆಳೆಸಿಕೊಳ್ಳಲು ಅವಕಾಶ ಕೋರುತ್ತೇನೆ.’ ಆಮೇಲೆ ಪೈಥಾನ್, ಜಾವಾ, ಸಿ, ಮಷೀನ್ ಲರ್ನಿಂಗ್, ಎಂಎಸ್ ಆಫೀಸ್ ಎಂದು ಒಂದು ಸಾಲು. ಕೊನೆಯಲ್ಲಿ ‘ತಕ್ಷಣದಿಂದಲೇ ಲಭ್ಯ’. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಓದಿದವರಿಗೆ ಏನೂ ತಿಳಿಯುವುದೂ ಇಲ್ಲ.

ದೊಡ್ಡ ಕಂಪನಿಯಲ್ಲಾದರೆ ಅರ್ಜಿಗಳನ್ನು ಜರಡಿ ಹಿಡಿಯಲು ಎಚ್‌ಆರ್ ವಿಭಾಗ ಇರುತ್ತದೆ, ಇಂಟರ್ನ್‌ಗಳಿಗೆಂದೇ ತರಬೇತಿಯ ವ್ಯವಸ್ಥೆ ಇರುತ್ತದೆ. ಎಂಟು ಜನರ ಕಂಪನಿಯಲ್ಲಿ ಇಮೇಲ್ ಓದುವವರು ಕಂಪನಿ ಕಟ್ಟಿದವರೇ. ಎರಡು ಮೀಟಿಂಗ್‌ಗಳ ನಡುವೆ ಫೋನಿನಲ್ಲಿ ಓದುತ್ತಾರೆ. ಹುಡುಗಿ ಜಾಣೆಯೋ ಅಲ್ಲವೋ ಎನ್ನುವುದು ಆಗ ಅವರ ತಲೆಯಲ್ಲಿ ಇರುವುದಿಲ್ಲ. ಇವಳಿಗೆ ಕೆಲಸ ಹೇಳಿಕೊಡಲು ನಮ್ಮಲ್ಲಿ ಯಾರ ಎಷ್ಟು ಹೊತ್ತು ಹೋಗುತ್ತದೆ, ಅದು ಯಾವಾಗ ವಾಪಸ್ ಬರುತ್ತದೆ ಎಂಬ ಲೆಕ್ಕ ಇರುತ್ತದೆ. ಇಮೇಲ್ ಉತ್ತರಿಸಬೇಕಾದ್ದು ಈ ಲೆಕ್ಕಕ್ಕೆ.

ಲೆಕ್ಕವನ್ನು ಬಿಡಿಸಿಯೇ ನೋಡೋಣ. ನಾಲ್ಕು ವಾರದ ಇಂಟರ್ನ್‌ಶಿಪ್ ಎಂದುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಬೇಕಾದ್ದನ್ನೆಲ್ಲ ಹಾಕಿಕೊಂಡು, ಅವರ ಕೋಡ್ ಎಲ್ಲೆಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಮೊದಲ ವಾರ ಮುಗಿಯುತ್ತದೆ. ಕೊನೆಯ ವಾರ ಕಾಲೇಜಿನ ರಿಪೋರ್ಟ್‌ಗೆ ಹೋಗುತ್ತದೆ. ಉಳಿದದ್ದು ಎರಡು ವಾರ. ಅದರಲ್ಲೂ ಹೊಸಬರು ಬರೆದ ಕೋಡನ್ನು ಹಳಬರೊಬ್ಬರು ದಿನಾ ಕೂತು ನೋಡಬೇಕು. ಚಿಕ್ಕ ಕಂಪನಿಗೆ ಇದು ನಷ್ಟದ ವ್ಯವಹಾರ, ಅದಕ್ಕೇ ಉತ್ತರ ಬರುವುದಿಲ್ಲ. ಹತ್ತು ಹನ್ನೆರಡು ವಾರ ದಾಟಿದರೆ ಲೆಕ್ಕ ತಿರುಗುತ್ತದೆ. ವಿಟಿಯುನ 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ 14ರಿಂದ 20 ವಾರ ಕೊಟ್ಟಿದ್ದಾರೆ. ಅಂದರೆ ವಿದ್ಯಾರ್ಥಿಯ ಕೈಯಲ್ಲಿ ಕಂಪನಿಗೆ ಬೇಕಾದ ವಸ್ತು ಇದೆ. ಅದನ್ನು ಇಮೇಲ್‌ನಲ್ಲಿ ಹೇಳುವುದನ್ನೇ ಬಹಳ ಮಂದಿ ಮರೆಯುತ್ತಾರೆ.

‘ತಕ್ಷಣದಿಂದಲೇ ಲಭ್ಯ’ ಎಂಬ ಮಾತನ್ನು ಯಾರೂ ನಂಬುವುದಿಲ್ಲ ಎಂಬುದೂ ಗೊತ್ತಿರಲಿ. ಸೆಮಿಸ್ಟರ್ ನಡುವೆ ಇರುವ ವಿದ್ಯಾರ್ಥಿಗೆ ಶೇ 85 ಹಾಜರಾತಿ ಬೇಕು, ಲ್ಯಾಬ್ ಇದೆ, ಇಂಟರ್ನಲ್ಸ್ ಇದೆ. ಕಂಪನಿ ಕಟ್ಟಿದವರೂ ಇಂಥದ್ದೇ ಕಾಲೇಜಿನಲ್ಲಿ ಓದಿ ಬಂದವರು. ‘ಪೂರ್ಣಾವಧಿ, ತಕ್ಷಣ’ ಎಂದು ಆರನೇ ಸೆಮಿಸ್ಟರ್‌ನವರು ಬರೆದರೆ, ಒಂದೋ ಕ್ಲಾಸ್ ತಪ್ಪಿಸುತ್ತಾರೆ, ಇಲ್ಲವೇ ಮೂರನೇ ವಾರ ಮಾಯವಾಗುತ್ತಾರೆ ಎಂದು ಅವರಿಗೆ ಓದುವಾಗಲೇ ಅನಿಸುತ್ತದೆ. ಅದರ ಬದಲು ‘ವಾರದ ದಿನ ಸಂಜೆ 7ರಿಂದ 9, ಶನಿವಾರ ಮಧ್ಯಾಹ್ನದ ಮೇಲೆ 4 ಗಂಟೆ, ಒಟ್ಟು 14 ಗಂಟೆ’ ಎಂದು ಬರೆದರೆ ಕೆಲಸ ಕಡಿಮೆ ಅನಿಸಬಹುದು, ಆದರೆ ಅಷ್ಟಕ್ಕೆ ಹೊಂದುವ ಕೆಲಸವನ್ನು ಅವರು ಯೋಚಿಸಬಲ್ಲರು.

ಈಗ ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಹಾಸನದ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿ, ಕಂಪ್ಯೂಟರ್ ಸೈನ್ಸ್. ಬೆಂಗಳೂರಿನ ಒಂದು ಪುಟ್ಟ ಕಂಪನಿ ಹಳ್ಳಿಯ ಹಾಲಿನ ಡೇರಿಗಳಿಗೆ ಆಂಡ್ರಾಯ್ಡ್ ಆ್ಯಪ್ ಮಾಡಿದೆ. ಬೆಳಿಗ್ಗೆ, ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಕಾರ್ಯದರ್ಶಿ ಫೋನಿನಲ್ಲಿ ಹಾಕಿದರೆ, ಬ್ಲೂಟೂತ್ ಪ್ರಿಂಟರಿನಿಂದ ಚೀಟಿ ಬರುತ್ತದೆ. ಕಂಪನಿಯೂ ಹುಡುಗಿಯೂ ನನ್ನ ಕಲ್ಪನೆ. ಇಂಥ ಆ್ಯಪ್‌ಗಳೂ ಪ್ರಿಂಟರ್‌ಗಳೂ ನಿಜ. ಇಮೇಲ್ ಬರೆಯುವುದು ವಾಡಿಕೆಯಂತೆ ಇಂಗ್ಲಿಷಿನಲ್ಲೇ ಆದರೂ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

ವಿಷಯ: ಆಂಡ್ರಾಯ್ಡ್ ಇಂಟರ್ನ್, ಫೆ. 9ರಿಂದ 16 ವಾರ, ಪೂರ್ಣಾವಧಿ

‘ನಮಸ್ತೆ. ನಿಮ್ಮ ಆ್ಯಪನ್ನು ನಮ್ಮೂರಿನ ಡೇರಿಯಲ್ಲಿ ಬಳಸುತ್ತಾರೆ. ಚೀಟಿಯಲ್ಲಿ ರೈತರ ಹೆಸರು ಇಂಗ್ಲಿಷಿನಲ್ಲಿ ಬರುತ್ತದೆ, ನನ್ನ ಅಜ್ಜಿಯಂಥವರಿಗೆ ಅದು ಓದಲು ಬರುವುದಿಲ್ಲ. 58 ಮಿ.ಮೀ. ಪ್ರಿಂಟರ್ ಒಂದರಲ್ಲಿ ಕನ್ನಡ ಹೆಸರನ್ನು ಫೋನಿನಲ್ಲೇ ಚಿತ್ರವಾಗಿ ಮಾಡಿ ಕಳಿಸಿ ನೋಡಿದೆ. ಒತ್ತಕ್ಷರ ಸರಿಯಾಗಿ ಬರುತ್ತದೆ, ಆದರೆ ಪ್ರತಿ ಚೀಟಿಗೆ ಸುಮಾರು 3 ಸೆಕೆಂಡ್ ಹೆಚ್ಚು ಹಿಡಿಯುತ್ತದೆ. ಕೋಡ್ ಮತ್ತು ಚೀಟಿಯ ಫೋಟೊ ಕೆಳಗಿನ ಲಿಂಕ್‌ನಲ್ಲಿದೆ.

ಎರಡು ವರ್ಷದಿಂದ ಕಾಟ್ಲಿನ್‌ನಲ್ಲಿ ಬರೆಯುತ್ತಿದ್ದೇನೆ. ಹಾಸ್ಟೆಲ್ ಮೆಸ್‌ನ ಲೆಕ್ಕಕ್ಕೆ ಮಾಡಿದ ಆ್ಯಪನ್ನು ಒಂದು ಸೆಮಿಸ್ಟರ್ ಪೂರ್ತಿ ಬಳಸಿದರು; ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಉಳಿಸಿಕೊಂಡು ಆಮೇಲೆ ಕಳಿಸುತ್ತದೆ. ಸರ್ವರ್ ಕಡೆಯ ಕೆಲಸ ಮಾಡಿಲ್ಲ.

ಫೆಬ್ರುವರಿ 9, ಸೋಮವಾರದಿಂದ ಮೇ 29ರವರೆಗೆ, ಸೋಮವಾರದಿಂದ ಶುಕ್ರವಾರ ಪೂರ್ತಿ ದಿನ ಕೆಲಸ ಮಾಡಬಲ್ಲೆ. ಈ ಸೆಮಿಸ್ಟರ್‌ನಲ್ಲಿ ತರಗತಿಗಳಿಲ್ಲ. ಕಾಲೇಜಿನ ರಿವ್ಯೂಗೆ ಏಪ್ರಿಲ್‌ನಲ್ಲಿ ಎರಡು ದಿನ ಹಾಸನಕ್ಕೆ ಹೋಗಬೇಕು. ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಇರುತ್ತೇನೆ, ಆಫೀಸಿಗೆ ಬರಬಲ್ಲೆ. ನನ್ನ ಲ್ಯಾಪ್‌ಟಾಪ್ 8 ಜಿಬಿಯದು, ಹಾಗಾಗಿ ನಿಜವಾದ ಫೋನಿನಲ್ಲೇ ಪರೀಕ್ಷೆ ಮಾಡುತ್ತೇನೆ. ಕಾಲೇಜಿಗೆ ನಿಮ್ಮಿಂದ ಜನವರಿ 20ರೊಳಗೆ ಒಂದು ಆಫರ್ ಲೆಟರ್ ಬೇಕಾಗುತ್ತದೆ. ಮುಂದಿನ ವಾರ ಯಾವ ಸಂಜೆಯಾದರೂ 15 ನಿಮಿಷ ಮಾತನಾಡಬಹುದೆ?’

ಇಷ್ಟೇ. ಫೋನಿನಲ್ಲಿ ಎರಡು ಸಲ ಬೆರಳಾಡಿಸಿದರೆ ಮುಗಿಯುತ್ತದೆ. ವಿಷಯದ ಸಾಲಿನಲ್ಲಿ ಕೆಲಸ, ದಿನಾಂಕ, ಅವಧಿ ಮೂರೂ ಇವೆ. ಫೋನಿನ ಪರದೆಯಲ್ಲಿ ಸಾಲು ತುಂಡಾದರೂ ಮೊದಲ ಎರಡು ಉಳಿಯುತ್ತವೆ.

ಇದರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಆ ‘3 ಸೆಕೆಂಡ್ ಹೆಚ್ಚು’ ಎಂಬ ಮಾತು. ಅಗ್ಗದ ಥರ್ಮಲ್ ಪ್ರಿಂಟರ್‌ಗಳ ಒಳಗೆ ಇಂಗ್ಲಿಷ್ ಅಕ್ಷರಗಳಿರುತ್ತವೆ, ಕನ್ನಡದವು ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡ ಬೇಕೆಂದರೆ ಫೋನಿನಲ್ಲೇ ಬರೆದು, ಕಪ್ಪು ಬಿಳುಪಿನ ಚಿತ್ರವಾಗಿಸಿ, ಪ್ರಿಂಟರಿನ ಅಗಲಕ್ಕೆ, ಅಂದರೆ 58 ಮಿ.ಮೀ.ಯದರಲ್ಲಿ ಸಾಮಾನ್ಯವಾಗಿ 384 ಚುಕ್ಕೆಗಳಿಗೆ, ಹೊಂದಿಸಿ ಕಳಿಸಬೇಕು. ಅಕ್ಷರ ಕಳಿಸುವುದಕ್ಕಿಂತ ಚಿತ್ರ ಕಳಿಸಲು ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ಡೇರಿಯ ಮುಂದೆ 80 ಜನ ಕ್ಯಾನ್ ಹಿಡಿದು ನಿಂತಿದ್ದರೆ, ತಲಾ 3 ಸೆಕೆಂಡ್ ಎಂದರೆ ಒಟ್ಟು 4 ನಿಮಿಷ. ಪರವಾಗಿಲ್ಲವೋ ಇಲ್ಲವೋ ಎಂದು ಕಂಪನಿಯವರು ಅಲ್ಲೇ ಯೋಚಿಸತೊಡಗುತ್ತಾರೆ. ಇಂಟರ್ನ್ ಬೇಕೋ ಬೇಡವೋ ಎಂಬ ಪ್ರಶ್ನೆ ಹಿಂದೆ ಸರಿದು, ಅವಳ ಜೊತೆ ಕೆಲಸದ ಮಾತು ಆಗಲೇ ಶುರುವಾಗಿದೆ. ‘ಕನ್ನಡ ಮುದ್ರಣ ಯಶಸ್ವಿಯಾಗಿ ಮಾಡಿದ್ದೇನೆ’ ಎಂದಷ್ಟೇ ಬರೆದಿದ್ದರೆ ಇದು ಆಗುತ್ತಿರಲಿಲ್ಲ. ಕೌಶಲವನ್ನು ಹೇಳುವಾಗ ಅದು ಎಲ್ಲಿ ನಿಲ್ಲುತ್ತದೆ ಎಂದೂ ಹೇಳಿದರೆ, ನಿಜವಾಗಿ ಮಾಡಿ ನೋಡಿದವರು ಎಂದು ಓದುವವರಿಗೆ ಗೊತ್ತಾಗುತ್ತದೆ. ‘ಸರ್ವರ್ ಕೆಲಸ ಮಾಡಿಲ್ಲ’ ಎಂಬ ಸಾಲು ಮಾಡುವುದೂ ಇದನ್ನೇ. ಅವಳಿಗೆ ಯಾವ ಕೆಲಸ ಕೊಡಬಾರದು ಎಂದು ತಿಳಿಯಿತಲ್ಲ.

ಎಲ್ಲ ಕಂಪನಿಯ ವಿಷಯದಲ್ಲೂ ಹೀಗೆ ಮನೆಯ ನಂಟು ಸಿಗುವುದಿಲ್ಲ, ನಿಜ. ಆದರೆ ಆ್ಯಪ್ ಇದ್ದರೆ ಇಳಿಸಿಕೊಂಡು ಒಂದು ಗಂಟೆ ಬಳಸಿ ನೋಡಬಹುದು, ಪ್ಲೇ ಸ್ಟೋರ್‌ನಲ್ಲಿ ಬಳಕೆದಾರರು ಬರೆದ ದೂರುಗಳನ್ನು ಓದಬಹುದು. ಅದೇ ಪುಟದಲ್ಲಿ ಆ್ಯಪ್ ಮಾಡಿದವರ ಇಮೇಲ್ ವಿಳಾಸವೂ ಇರುತ್ತದೆ. ಚಿಕ್ಕ ಕಂಪನಿಯಾದರೆ ಅದು ಬಹಳ ಸಲ ಕೆಲಸ ಮಾಡುವವರ ಕೈಗೇ ತಲುಪುತ್ತದೆ. ಒಂದು ಎಚ್ಚರಿಕೆ: ಕಂಡ ದೋಷವನ್ನು ಹೇಳುವಾಗ ಪಾಠ ಹೇಳುವ ಧಾಟಿ ಬೇಡ. ಅದು ಅವರಿಗೂ ಗೊತ್ತಿರುತ್ತದೆ, ಕೈ ಸಾಲದೆ ಬಿಟ್ಟಿರುತ್ತಾರೆ.

ಇಮೇಲ್ ಚೆನ್ನಾಗಿದ್ದೂ ಕೆಟ್ಟುಹೋಗುವುದು ಸಣ್ಣ ವಿಷಯಗಳಲ್ಲಿ. ಗಿಟ್‌ಹಬ್‌ನಲ್ಲಿ ಕೋಡನ್ನು ಖಾಸಗಿಯಾಗಿ ಇಟ್ಟಿದ್ದರೆ ನಿಮಗೆ ಲಿಂಕ್ ಸರಿಯಾಗಿಯೇ ತೆರೆಯುತ್ತದೆ, ಅವರಿಗೆ 404 ಎಂದು ಬರುತ್ತದೆ. ಡ್ರೈವ್‌ನ ಕಡತವಾದರೆ ಅನುಮತಿ ಕೇಳಿ ಎನ್ನುತ್ತದೆ, ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಕಳಿಸುವ ಮುಂಚೆ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪ್ರತಿ ಲಿಂಕನ್ನೂ ತೆರೆದು ನೋಡಿದರೆ ಎರಡೂ ಸಿಕ್ಕಿಬೀಳುತ್ತವೆ. ಇನ್ನೊಂದು, ಹಳೆಯ ಇಮೇಲ್‌ನಿಂದ ಕಾಪಿ ಮಾಡಿ ಕಂಪನಿಯ ಹೆಸರನ್ನಷ್ಟೇ ಬದಲಿಸಿದಾಗ ಆ ಹೆಸರಿನ ಅಕ್ಷರದ ಗಾತ್ರವೋ ಬಣ್ಣವೋ ಬೇರೆಯಾಗಿ ಕಾಣುತ್ತದೆ. ನಲವತ್ತು ಜನರಿಗೆ ಹೋದ ಇಮೇಲ್ ಇದು ಎಂದು ಅದೇ ಸಾರಿ ಹೇಳುತ್ತದೆ. ರೆಸ್ಯೂಮೆ ಒಂದು ಪುಟದ ಪಿಡಿಎಫ್ ಆಗಿರಲಿ. ಕಡತಕ್ಕೆ ನಿಮ್ಮ ಹೆಸರಿಡಿ, `resume_final2.pdf` ಎಂದಲ್ಲ.

ಸ್ಟೈಪೆಂಡ್ ವಿಷಯ ಮೊದಲ ಇಮೇಲ್‌ನಲ್ಲಿ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಒಪ್ಪಿಕೊಳ್ಳುವ ಮುಂಚೆ ಕೇಳಲೇಬೇಕು. ಚಿಕ್ಕಪ್ಪನ ಮನೆ ಇಲ್ಲದವರಿಗೆ ಬೆಂಗಳೂರಿನಲ್ಲಿ ಹದಿನಾರು ವಾರದ ಪಿಜಿ ಬಾಡಿಗೆ ಸಣ್ಣ ಮೊತ್ತವಲ್ಲ. ಫೋನಿನಲ್ಲಿ ಮಾತನಾಡುವಾಗ ‘ಸ್ಟೈಪೆಂಡ್ ಎಷ್ಟಿರುತ್ತದೆ ಅಂತ ತಿಳಿದರೆ ಉಳಿಯೋ ವ್ಯವಸ್ಥೆ ಮಾಡ್ಕೊಳ್ತೀನಿ ಸರ್’ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೋಂದಣಿ ಶುಲ್ಕ ಕಟ್ಟಿ, ಪ್ರಮಾಣಪತ್ರ ಕೊಡುತ್ತೇವೆ ಎಂದು ತಾವೇ ಹಣ ಕೇಳುವ ‘ಇಂಟರ್ನ್‌ಶಿಪ್’ಗಳು ಬೇರೆ ವ್ಯಾಪಾರ. ಅಲ್ಲಿಗೆ ಇಂಥ ಇಮೇಲ್ ಬರೆಯುವ ಶ್ರಮವೇ ಬೇಡ, ಅವರೇ ಬರೆಯುತ್ತಾರೆ.

ಒಂದು ವಾರ ಉತ್ತರ ಬಾರದಿದ್ದರೆ ಅದೇ ಇಮೇಲ್‌ಗೆ ಕೆಳಗೆ ಎರಡು ಸಾಲು ಸೇರಿಸಿ ಕಳಿಸಬಹುದು. ‘ನೆನಪಿಸುತ್ತಿದ್ದೇನೆ’ ಎನ್ನುವುದಕ್ಕಿಂತ, ‘ಪೂರ್ತಿ ಚೀಟಿಯ ಬದಲು ಹೆಸರನ್ನಷ್ಟೇ ಚಿತ್ರವಾಗಿ ಕಳಿಸಿದೆ, ಈಗ 1 ಸೆಕೆಂಡ್ ಮಾತ್ರ ಹೆಚ್ಚು ಹಿಡಿಯುತ್ತಿದೆ’ ಎಂದರೆ ಓದುತ್ತಾರೆ. ಅದಕ್ಕೂ ಉತ್ತರ ಬಾರದಿದ್ದರೆ ಬಿಟ್ಟು ಮುಂದಿನ ಕಂಪನಿಗೆ ಬರೆಯಬೇಕು. ಎಂಟು ಜನರ ಆಫೀಸಿನಲ್ಲಿ ಆ ವರ್ಷ ಇಂಟರ್ನ್‌ಗೆ ಜಾಗ ಇಲ್ಲದಿರುವುದು ಸಹಜ. ಉತ್ತರ ಬಂದು, ಆಮೇಲೆ ಕಾಲೇಜು ರಿವ್ಯೂ ದಿನಾಂಕವನ್ನು ಏಪ್ರಿಲ್‌ನಿಂದ ಮಾರ್ಚ್‌ಗೆ ತಂದಿತು ಎಂದುಕೊಳ್ಳಿ. ಸುತ್ತೋಲೆ ಬಂದ ದಿನವೇ ಅದೇ ಇಮೇಲ್‌ನಲ್ಲಿ ಹೊಸ ದಿನಾಂಕ ತಿಳಿಸಿದರೆ, ಅವರು ಆ ವಾರದ ಕೆಲಸವನ್ನು ಬೇರೆಯವರಿಗೆ ಹಂಚಿಕೊಳ್ಳುತ್ತಾರೆ.