ಜಾವಾ ಸರ್ಟಿಫಿಕೇಟನ್ನು ಯಾರು ನೋಡುತ್ತಾರೆ?

ಎಂಜಿನಿಯರಿಂಗ್ ಅಥವಾ ಬಿಸಿಎ ಕೊನೆಯ ವರ್ಷದಲ್ಲಿ ಮಕ್ಕಳಿರುವ ಮನೆಗಳಲ್ಲಿ ಒಂದು ಲೆಕ್ಕ ನಡೆದೇ ಇರುತ್ತದೆ. ಕೋಚಿಂಗ್ ಸೆಂಟರಿಗೆ ಇಷ್ಟು, ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಗೆ ಇಷ್ಟು, ಪರೀಕ್ಷೆಯ ಶುಲ್ಕಕ್ಕೆ ಇಷ್ಟು. ಜಾವಾ ಸರ್ಟಿಫಿಕೇಟ್ ಒಂದು ಕೈಗೆ ಬಂದರೆ ಕೆಲಸ ಸಲೀಸು ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಅದು ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಆ ಸರ್ಟಿಫಿಕೇಟ್ ಯಾವುದು, ನೇಮಕಾತಿಯ ಯಾವ ಹಂತದಲ್ಲಿ ಅದು ಯಾರ ಕಣ್ಣಿಗೆ ಬೀಳುತ್ತದೆ ಎಂದು ನೋಡಬೇಕು.

ಸರ್ಟಿಫಿಕೇಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾಗದಗಳು ಓಡಾಡುತ್ತಿವೆ. ಒಂದು, ಕೋರ್ಸ್ ಮುಗಿಸಿದ್ದಕ್ಕೆ ಕೊಡುವುದು. ವಿಡಿಯೊಗಳನ್ನು ಕೊನೆಯವರೆಗೆ ಓಡಿಸಿದರೆ, ಅಥವಾ ಸೆಂಟರಿನಲ್ಲಿ ಹಾಜರಿ ತುಂಬಿದರೆ ಇದು ಸಿಗುತ್ತದೆ. ಹೆಸರಿನ ಕಾಗುಣಿತ ಸರಿಯಾಗಿದೆ ಎಂಬುದರ ಆಚೆ ಅದು ಹೆಚ್ಚೇನನ್ನೂ ಹೇಳುವುದಿಲ್ಲ. ಇನ್ನೊಂದು, ಕಾವಲಿನಲ್ಲಿ ಕೂತು ಬರೆದ ಪರೀಕ್ಷೆಯದ್ದು. ಜಾವಾದಲ್ಲಿ ಇದರ ಮುಖ್ಯ ಉದಾಹರಣೆ ಒರೇಕಲ್ ಕಂಪನಿ ನಡೆಸುವ ಪರೀಕ್ಷೆ. ಜಾವಾವನ್ನು ಹುಟ್ಟುಹಾಕಿದ ಸನ್ ಮೈಕ್ರೋಸಿಸ್ಟಮ್ಸ್ ಇದನ್ನು ನಡೆಸುತ್ತಿತ್ತು. 2010ರಲ್ಲಿ ಸನ್ ಕಂಪನಿಯನ್ನು ಒರೇಕಲ್ ಕೊಂಡಾಗ ಪರೀಕ್ಷೆಯೂ ಅದರ ಪಾಲಾಯಿತು. ನಲವತ್ತರ ಆಸುಪಾಸಿನ ಜಾವಾ ಎಂಜಿನಿಯರುಗಳು ಇಂದಿಗೂ ಇದನ್ನು ಹಳೆಯ ಹೆಸರಿನಲ್ಲಿ ಎಸ್‌ಸಿಜೆಪಿ ಎಂದೇ ಕರೆಯುತ್ತಾರೆ.

ಜಾವಾ 21ನೇ ಆವೃತ್ತಿಯ ಪರೀಕ್ಷೆಯ ಸಂಕೇತ `1Z0-830`. 50 ಪ್ರಶ್ನೆ, ಪಾಸಾಗಲು 68 ಶೇಕಡಾ ಬೇಕು. ಶುಲ್ಕ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಎಲ್ಲವೂ ಆಯ್ಕೆಯ ಪ್ರಶ್ನೆಗಳು. ಅಭ್ಯರ್ಥಿ ಒಂದು ಸಾಲು ಪ್ರೋಗ್ರಾಮನ್ನೂ ಬರೆಯಬೇಕಿಲ್ಲ; ಕೊಟ್ಟಿರುವ ಸಾಲುಗಳನ್ನು ಓದಿ ಏನು ಅಚ್ಚಾಗುತ್ತದೆ, ಎಲ್ಲಿ ದೋಷವಿದೆ ಎಂದು ಗುರುತಿಸಬೇಕು. ಇದು ಸುಲಭವಲ್ಲ, ಭಾಷೆಯ ಮೂಲೆಮುಡುಕುಗಳು ಗೊತ್ತಿಲ್ಲದವರು ಪಾಸಾಗುವುದು ಕಷ್ಟ. ಆದರೆ ಓದಿ ಹೇಳುವುದು ಬೇರೆ, ಖಾಲಿ ಪರದೆಯ ಮುಂದೆ ಕೂತು ಬರೆಯುವುದು ಬೇರೆ.

ಪೈಥಾನ್‌ನ ಕತೆ ಇನ್ನೊಂದು ರೀತಿಯದು. ಆ ಭಾಷೆಯ ಹಕ್ಕುಗಳನ್ನು ನೋಡಿಕೊಳ್ಳುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಪೈಥಾನ್ ಇನ್‌ಸ್ಟಿಟ್ಯೂಟ್ ಎಂಬುದು ಪ್ರತ್ಯೇಕ ಸಂಸ್ಥೆ. ಅದರ ಪಿಸಿಇಪಿ, ಪಿಸಿಎಪಿ ಪರೀಕ್ಷೆಗಳು ಪ್ರಚಲಿತವಾಗಿವೆ. ಆದ್ದರಿಂದ ಯಾವುದಾದರೂ ಸೆಂಟರು 'ಅಧಿಕೃತ ಪೈಥಾನ್ ಸರ್ಟಿಫಿಕೇಟ್' ಎಂದು ಬೋರ್ಡು ಹಾಕಿದ್ದರೆ, ಯಾರು ಕೊಟ್ಟ ಅಧಿಕಾರ ಎಂದು ಕೇಳಲೇಬೇಕು.

ಈಗ ಹಾಸನದ ಕಾಲೇಜೊಂದರಿಂದ ಹೊರಬಿದ್ದು ಬೆಂಗಳೂರಿನಲ್ಲಿ ಮೊದಲ ಕೆಲಸ ಹುಡುಕುತ್ತಿರುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಒರೇಕಲ್ ಸರ್ಟಿಫಿಕೇಟ್ ಅವಳ ರೆಸ್ಯೂಮಿನಲ್ಲಿ ಮೇಲ್ಗಡೆಯೇ ಇದೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಫ್ರೆಶರುಗಳಿಗೆ ಮೊದಲ ಜರಡಿ ಅಂಕಗಳದ್ದು. ಹತ್ತನೇ ತರಗತಿಯಿಂದ ಡಿಗ್ರಿಯವರೆಗೆ ಇಂತಿಷ್ಟು ಶೇಕಡಾ, ಬಾಕಿ ಉಳಿದ ಪೇಪರುಗಳು ಇರಬಾರದು ಎಂಬ ನಿಯಮ. ಅಲ್ಲಿ ಹಿಂದೆ ಬಿದ್ದರೆ ಸರ್ಟಿಫಿಕೇಟ್ ಕಾಪಾಡುವುದಿಲ್ಲ. ಎರಡನೆಯದು ಆನ್‌ಲೈನ್ ಪರೀಕ್ಷೆ. ತರ್ಕ, ಗಣಿತ, ಇಂಗ್ಲಿಷ್, ಜೊತೆಗೆ ಪ್ರೋಗ್ರಾಮ್ ಬರೆಯುವ ಒಂದೆರಡು ಪ್ರಶ್ನೆ. ಇದನ್ನು ಯಂತ್ರವೇ ತಿದ್ದುತ್ತದೆ. ರೆಸ್ಯೂಮ್ ಯಾರ ಮುಂದೆಯೂ ಇರುವುದಿಲ್ಲ. ಮೂರನೆಯದು ತಾಂತ್ರಿಕ ಸಂದರ್ಶನ, ಕೊನೆಯದು ಎಚ್.ಆರ್. ಸಂದರ್ಶನ.

ಹಾಗಾದರೆ ಅವಳ ಸರ್ಟಿಫಿಕೇಟ್ ಕೆಲಸಕ್ಕೆ ಬರುವುದು ಎಲ್ಲಿ? ಕ್ಯಾಂಪಸ್ಸಿನ ಹೊರಗೆ, ಉದ್ಯೋಗ ತಾಣಗಳ ಮೂಲಕ ಅರ್ಜಿ ಹಾಕಿದಾಗ ಒಂದಿಷ್ಟು ಬರುತ್ತದೆ. ಒಂದು ಹುದ್ದೆಗೆ ನೂರಾರು ರೆಸ್ಯೂಮ್ ಬಂದಾಗ ನೇಮಕಾತಿಯವರು 'ಜಾವಾ', 'ಸ್ಪ್ರಿಂಗ್', 'ಎಸ್‌ಕ್ಯೂಎಲ್' ಎಂದು ಪದ ಹಾಕಿ ಹುಡುಕುತ್ತಾರೆ. ಅನುಭವವಿಲ್ಲದವರ ರೆಸ್ಯೂಮಿನಲ್ಲಿ ಆ ಪದ ಸರ್ಟಿಫಿಕೇಟಿನ ಸಾಲಿನಲ್ಲಾದರೂ ಇದ್ದರೆ ಹುಡುಕಾಟಕ್ಕೆ ಸಿಗುತ್ತದೆ. ಇದೇ ಪದ ಆಕೆ ಮಾಡಿದ ಪ್ರಾಜೆಕ್ಟಿನ ವಿವರಣೆಯಲ್ಲಿದ್ದರೂ ಸಿಗುತ್ತದೆ ಎಂಬುದನ್ನು ಮಾತ್ರ ಕೋಚಿಂಗ್ ಸೆಂಟರುಗಳು ಹೇಳುವುದಿಲ್ಲ.

ನಿಜವಾದ ತೀರ್ಮಾನ ಆಗುವುದು ತಾಂತ್ರಿಕ ಸಂದರ್ಶನದಲ್ಲಿ. ಸರ್ಟಿಫಿಕೇಟಿನ ಓದು ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಒಂದು ಪ್ರಶ್ನೆಯಿಂದಲೇ ಸ್ಪಷ್ಟವಾಗುತ್ತದೆ. ಜಾವಾ ಪರೀಕ್ಷೆಗೆ ಓದಿದವರಿಗೆಲ್ಲ ಪರಿಚಿತವಾದ ಪ್ರಶ್ನೆ ಇದು:

```java
Integer a = 127, b = 127;
Integer c = 128, d = 128;
System.out.println(a == b);
System.out.println(c == d);
```

ಮೊದಲನೆಯದು `true` ಎಂದು ಅಚ್ಚಾಗುತ್ತದೆ, ಎರಡನೆಯದು `false` ಎಂದು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಇದು ವಿಚಿತ್ರ. 128 ಮತ್ತು 128 ಸಮವಲ್ಲವೆ? ಜಾವಾದಲ್ಲಿ `Integer` ಎಂದರೆ ಬರೀ ಸಂಖ್ಯೆಯಲ್ಲ, ಸಂಖ್ಯೆಯನ್ನು ಒಳಗಿಟ್ಟ ಒಂದು ಡಬ್ಬಿ ಎಂದಿಟ್ಟುಕೊಳ್ಳಿ. `==` ಚಿಹ್ನೆ ಇಲ್ಲಿ 'ಒಳಗಿರುವುದು ಒಂದೇ ಏನು' ಎಂದು ಕೇಳುವುದಿಲ್ಲ, 'ಇವೆರಡೂ ಒಂದೇ ಡಬ್ಬಿಯೇನು' ಎಂದು ಕೇಳುತ್ತದೆ. ಸಣ್ಣ ಸಂಖ್ಯೆಗಳು ಮತ್ತೆ ಮತ್ತೆ ಬೇಕಾಗುವುದರಿಂದ -128ರಿಂದ 127ರವರೆಗಿನ ಡಬ್ಬಿಗಳನ್ನು ಜಾವಾ ಸಿದ್ಧ ಮಾಡಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುತ್ತದೆ. 128 ಕೇಳಿದರೆ ಸಾಮಾನ್ಯವಾಗಿ ಪ್ರತಿ ಸಲವೂ ಹೊಸ ಡಬ್ಬಿ.

ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಸರಿಯಾದ ಆಯ್ಕೆ ಗುರುತಿಸಿದರೆ ಅಂಕ ಬಂತು, ಮುಗಿಯಿತು. ಒಳ್ಳೆಯ ಸಂದರ್ಶಕರು ಶುರು ಮಾಡುವುದೇ ಅಲ್ಲಿಂದ. 'ಒಂದು ಆನ್‌ಲೈನ್ ಅಂಗಡಿ ಇದೆ. ಹಣ ಪಾವತಿಯಾದ ಆರ್ಡರಿನ ಸಂಖ್ಯೆ, ರವಾನೆಯಾಗಬೇಕಾದ ಆರ್ಡರಿನ ಸಂಖ್ಯೆ ಎರಡನ್ನೂ ಹೋಲಿಸಿ, ಒಂದೇ ಆಗಿದ್ದರೆ ಸಾಮಾನು ಕಳಿಸುವ ಪ್ರೋಗ್ರಾಮ್. ಪರೀಕ್ಷಿಸುವಾಗ ಎಲ್ಲವೂ ಸರಿಯಿತ್ತು. ಅಂಗಡಿ ತೆರೆದು ಸ್ವಲ್ಪ ದಿನಕ್ಕೆ ಹಣ ಕಟ್ಟಿದವರಿಗೂ ಸಾಮಾನು ಹೋಗುತ್ತಿಲ್ಲ. ಎಲ್ಲಿ ನೋಡುತ್ತೀರಿ?' ಎಂದು ಕೇಳುತ್ತಾರೆ.

ಅರ್ಥ ಮಾಡಿಕೊಂಡು ಓದಿದವಳಿಗೆ ಇಲ್ಲಿ ಬೆಳಕು ಹರಿಯುತ್ತದೆ. ಪರೀಕ್ಷಿಸಿದವರು 1, 2, 50 ಎಂದು ಚಿಕ್ಕ ಆರ್ಡರ್ ಸಂಖ್ಯೆಗಳನ್ನೇ ಹಾಕಿ ನೋಡಿರಬೇಕು. 128ನೇ ಆರ್ಡರಿನಿಂದ ಹೋಲಿಕೆ ತಪ್ಪಲು ಶುರುವಾಗಿದೆ. `==` ಬದಲು `equals` ಬಳಸಬೇಕು ಎನ್ನುತ್ತಾಳೆ. ಸಂದರ್ಶಕರು ಮತ್ತೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: 'ಸರಿ, `c.equals(d)` ಎಂದು ಬರೆದಿರಿ. ಡೇಟಾಬೇಸಿನಲ್ಲಿ ಆ ಜಾಗ ಖಾಲಿಯಿದ್ದು `c` ಎಂಬುದು `null` ಆಗಿ ಬಂದರೆ?' ಆಗ ಪ್ರೋಗ್ರಾಮ್ ಅಲ್ಲೇ ಮುರಿದು ಬೀಳುತ್ತದೆ. `Objects.equals(c, d)` ಬಳಸಿದರೆ ಬೀಳುವುದಿಲ್ಲ. ಆದರೆ ಎರಡೂ `null` ಆಗಿದ್ದರೆ ಅದು ಸಮ ಎಂದೇ ಹೇಳುತ್ತದೆ. ಸಂಖ್ಯೆಯೇ ಇಲ್ಲದ ಆರ್ಡರಿಗೆ ಸಾಮಾನು ಕಳಿಸಬಹುದೇ ಎಂಬ ಪ್ರಶ್ನೆಗೆ ಯಾವ ಪಠ್ಯದಲ್ಲೂ ಉತ್ತರವಿಲ್ಲ, ಅಂಗಡಿಯ ವ್ಯವಹಾರ ಯೋಚಿಸಿ ಹೇಳಬೇಕು.

ಕಂಠಪಾಠ ಮಾಡಿದವರು ಮೊದಲ ತಿರುವಿನಲ್ಲೇ ಸಿಕ್ಕಿಬೀಳುತ್ತಾರೆ. 'ಡಂಪ್ಸ್' ಎಂಬ ಹೆಸರಿನಲ್ಲಿ ಹಳೆಯ ಪ್ರಶ್ನೆಗಳ ಗಂಟನ್ನು ಮಾರುವವರಿದ್ದಾರೆ. ಅದನ್ನು ಬಾಯಿಪಾಠ ಮಾಡಿ ಬಂದವರಿಗೆ 127ಕ್ಕೆ `true`, 128ಕ್ಕೆ `false` ಎಂಬುದು ಗೊತ್ತು, ಏಕೆ ಎಂಬುದು ಗೊತ್ತಿಲ್ಲ. ಇಂಥ ಗಂಟುಗಳ ಬಳಕೆ ಪರೀಕ್ಷೆಯ ನಿಯಮಗಳಿಗೆ ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ಪ್ರಾಮಾಣಿಕವಾಗಿ ಓದಿದವರಿಗೆ ಆಗುತ್ತದೆ. ಇಂಥವರನ್ನು ಕಂಡ ಸಂದರ್ಶಕರು ಆಮೇಲೆ ಯಾರ ಸರ್ಟಿಫಿಕೇಟನ್ನೂ ಪುರಾವೆ ಎಂದು ಒಪ್ಪುವುದಿಲ್ಲ. ರೆಸ್ಯೂಮಿನಲ್ಲಿ ಸರ್ಟಿಫಿಕೇಟ್ ಇದ್ದರೆ ಪ್ರಶ್ನೆಗಳು ಸುಲಭವಾಗುವುದಿಲ್ಲ, ಇನ್ನಷ್ಟು ಆಳಕ್ಕೆ ಹೋಗುತ್ತವೆ. ಇದು ಹಲವು ಫ್ರೆಶರುಗಳು ಎದುರು ನೋಡದ ಮಾತು.

ಸರ್ಟಿಫಿಕೇಟಿಗೆ ನೇರವಾಗಿ ಬೆಲೆ ಕಟ್ಟಿದ ಸಂದರ್ಭಗಳೂ ಇವೆ. 2019ರಲ್ಲಿ ಇನ್ಫೋಸಿಸ್ ಕಂಪನಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಇನ್ಫಿಟಿಕ್ಯೂ ಎಂಬ ಕಲಿಕಾ ವೇದಿಕೆ ತೆರೆಯಿತು. ಅದರ ಪೈಥಾನ್ ಅಥವಾ ಜಾವಾ ಪ್ರಮಾಣೀಕರಣ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದವರಿಗೆ ಕಂಪನಿಯ ಸಂದರ್ಶನದ ಅವಕಾಶ ಸಿಗುತ್ತಿತ್ತು. ಕೆಲಸ ಕೊಡುವವರೇ ಪ್ರಶ್ನೆಪತ್ರಿಕೆ ಮಾಡಿದ್ದರಿಂದ ಫಲಿತಾಂಶವನ್ನು ಅವರು ನಂಬಿದರು. ಮೂರನೆಯವರ ಸರ್ಟಿಫಿಕೇಟಿಗೆ ಈ ಅನುಕೂಲವಿಲ್ಲ.

ಇನ್ನೊಂದು ಕಡೆ ಕ್ಲೌಡ್. ಅಮೆಜಾನ್‌ನ ಎಡಬ್ಲ್ಯುಎಸ್ ಜೊತೆ ಪಾಲುದಾರರಾಗಿ ಮೇಲಿನ ದರ್ಜೆ ಪಡೆಯಬೇಕಾದ ಕಂಪನಿಗಳು ತಮ್ಮಲ್ಲಿ ಪ್ರಮಾಣಪತ್ರ ಪಡೆದ ನೌಕರರು ಇಂತಿಷ್ಟು ಜನ ಇದ್ದಾರೆ ಎಂದು ತೋರಿಸಬೇಕು. ಆದ್ದರಿಂದ ಅಲ್ಲಿ ಸರ್ಟಿಫಿಕೇಟ್ ಇರುವ ಒಬ್ಬ ಎಂಜಿನಿಯರ್ ಎಂದರೆ ಕಂಪನಿಯ ಲೆಕ್ಕಕ್ಕೆ ಸೇರುವ ಒಂದು ತಲೆ. ಪರೀಕ್ಷೆಯ ಹಣವನ್ನು ಕಂಪನಿಯೇ ಕೊಡುವುದೂ ಉಂಟು. ಜಾವಾ, ಪೈಥಾನ್‌ನಂಥ ಭಾಷೆಗಳಿಗೆ ಹೀಗೆ ತಲೆ ಎಣಿಸುವವರು ವಿರಳ. 'ನನ್ನ ಅಣ್ಣನಿಗೆ ಸರ್ಟಿಫಿಕೇಟಿನಿಂದಲೇ ಬಡ್ತಿ ಬಂತು' ಎಂದು ಯಾರಾದರೂ ಹೇಳಿದರೆ, ಅದು ಭಾಷೆಯದ್ದೇ, ಕ್ಲೌಡಿನದ್ದೇ ಎಂದು ವಿಚಾರಿಸಿ.

ಇಷ್ಟು ತಿಳಿದ ಮೇಲೆ ಹಣದ ಪ್ರಶ್ನೆಗೆ ಬರೋಣ. ಪರೀಕ್ಷೆಯ ಶುಲ್ಕ ಕಟ್ಟದೆಯೂ ಅದರ ಓದಿನ ಲಾಭ ಪಡೆಯಲು ಅಡ್ಡಿಯಿಲ್ಲ. ಒರೇಕಲ್ ಪರೀಕ್ಷೆಯ ವಿಷಯಪಟ್ಟಿ ಎಲ್ಲರಿಗೂ ತೆರೆದಿದೆ. ಜಾವಾವನ್ನು ಕಂಪ್ಯೂಟರಿಗೆ ಉಚಿತವಾಗಿ ಹಾಕಿಕೊಳ್ಳಬಹುದು. 9ನೇ ಆವೃತ್ತಿಯಿಂದ ಅದರ ಜೊತೆಗೇ ಬರುವ `jshell` ಎಂಬ ಸಾಧನದಲ್ಲಿ ಮೇಲಿನಂಥ ನಾಲ್ಕು ಸಾಲುಗಳನ್ನು ಹಾಕಿ ಆ ಕ್ಷಣವೇ ಉತ್ತರ ನೋಡಬಹುದು. ಪಟ್ಟಿಯ ಒಂದೊಂದು ವಿಷಯವನ್ನೂ ಹೀಗೆ ಮುರಿದು, ಜೋಡಿಸಿ ನೋಡಿದವರು ಸಂದರ್ಶನದ ಎರಡನೇ ತಿರುವಿನಲ್ಲಿ ತಡವರಿಸುವುದಿಲ್ಲ. ಕಾಗದವೂ ಬೇಕೇ ಬೇಕು ಎನ್ನುವವರಿಗೆ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಇದೆ. ಪಾಠಗಳಿಗೆ ಹಣವಿಲ್ಲ, ಪರೀಕ್ಷೆಗೆ ಮಾತ್ರ ಸುಮಾರು ಒಂದು ಸಾವಿರ ರೂಪಾಯಿ. ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಬರೆಯಬೇಕಾದ್ದರಿಂದ ಅದಕ್ಕೆ ವಿಡಿಯೊ ಕೋರ್ಸಿನ ಕಾಗದಕ್ಕಿಲ್ಲದ ತೂಕವಿದೆ.

ಹತ್ತು ಸಾವಿರದ ಮೇಲಿನ ಪರೀಕ್ಷೆಗೆ ಸಾಲ ಮಾಡಿ ಹಣ ಕಟ್ಟಲು ಹೊರಟಿರುವ ಮನೆಯವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮಗ ಅಥವಾ ಮಗಳು ಅರ್ಜಿ ಹಾಕಲಿರುವ ಫ್ರೆಶರ್ ಹುದ್ದೆಗಳ ಜಾಹೀರಾತುಗಳನ್ನು ಮೊದಲು ಮುಂದಿಟ್ಟುಕೊಂಡು ಓದಿ. ಆ ಸರ್ಟಿಫಿಕೇಟನ್ನು ಹೆಸರಿಸಿ ಕೇಳಿದ್ದರೆ ಕಟ್ಟಿ. ಕೇಳಿಲ್ಲದಿದ್ದರೆ ಆ ಹಣವನ್ನು ಉಳಿಸಿಕೊಳ್ಳಿ; ಕೆಲಸ ಸಿಕ್ಕ ಮೇಲೆ ಅಗತ್ಯ ಬಿದ್ದರೆ ಪರೀಕ್ಷೆ ಬರೆಯಲು ಆಗಲೂ ಅವಕಾಶವಿದೆ.